ಸರಾಸರಿ ಶೇ 9, ಕೈಯಲ್ಲಿ ಉಳಿದದ್ದು ನಷ್ಟ: ಷೇರು ಹೂಡಿಕೆಯ ಏರಿಳಿತವನ್ನು ನೀವೇ ಅಳೆಯುವ ಬಗೆ

2008ರಿಂದ 2012ರವರೆಗಿನ ಐದು ವರ್ಷಗಳಲ್ಲಿ ನಿಫ್ಟಿ 50 ಸೂಚ್ಯಂಕದ ವಾರ್ಷಿಕ ಏರಿಳಿತ ಹೀಗಿತ್ತು: 2008ರಲ್ಲಿ ಶೇ 51.8 ಇಳಿಕೆ, 2009ರಲ್ಲಿ ಶೇ 75.8 ಏರಿಕೆ, 2010ರಲ್ಲಿ ಶೇ 17.9 ಏರಿಕೆ, 2011ರಲ್ಲಿ ಶೇ 24.6 ಇಳಿಕೆ, 2012ರಲ್ಲಿ ಶೇ 27.7 ಏರಿಕೆ. ಐದನ್ನೂ ಕೂಡಿ ಐದರಿಂದ ಭಾಗಿಸಿದರೆ ಸರಾಸರಿ ಶೇ 9 ಬರುತ್ತದೆ. ವರ್ಷಕ್ಕೆ ಶೇ 9 ಎಂದರೆ ಯಾರಿಗೂ ಬೇಸರವಾಗುವ ಗಳಿಕೆಯಲ್ಲ.

ಆದರೆ 2007ರ ಕೊನೆಯ ವಹಿವಾಟಿನ ದಿನ ಸೂಚ್ಯಂಕ 6,138.60ರಲ್ಲಿ ನಿಂತಿತ್ತು, 2012ರ ಕೊನೆಯಲ್ಲಿ 5,905.10ರಲ್ಲಿ. ಆರಂಭದಲ್ಲಿ ಒಂದು ಲಕ್ಷ ರೂಪಾಯಿ ಹಾಕಿದವರ ಹಣ ಐದು ವರ್ಷಗಳ ನಂತರ ಸುಮಾರು 96,200 ರೂಪಾಯಿ ಆಗಿತ್ತು. ಕಂಪನಿಗಳು ಕೊಡುವ ಲಾಭಾಂಶವನ್ನು ಈ ಲೆಕ್ಕದಲ್ಲಿ ಸೇರಿಸಿಲ್ಲ. ಸೇರಿಸಿದರೆ ಚಿತ್ರ ಸ್ವಲ್ಪ ಸುಧಾರಿಸುತ್ತದೆ, ಆದರೆ ಶೇ 9ರ ಹತ್ತಿರಕ್ಕೂ ಬರುವುದಿಲ್ಲ. ಅದೇ ಹಣವನ್ನು ಶೇ 7 ಬಡ್ಡಿಯ ಠೇವಣಿಯಲ್ಲಿ ಐದು ವರ್ಷ ಬಿಟ್ಟಿದ್ದರೆ 1.40 ಲಕ್ಷ ಆಗುತ್ತಿತ್ತು.

ಸರಾಸರಿಯಲ್ಲಿ ತಪ್ಪಿಲ್ಲ, ಲೆಕ್ಕ ಸರಿಯಾಗಿಯೇ ಇದೆ. ಅದು ಹೇಳದೆ ಬಿಟ್ಟ ಸಂಗತಿಯೇ ಏರಿಳಿತ. ಆ ಏರಿಳಿತವನ್ನು ಒಂದು ಅಂಕಿಯಲ್ಲಿ ಹಿಡಿಯುವ ಅಳತೆಗೆ ಮಾನಕ ವಿಚಲನೆ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಷನ್, ಎನ್ನುತ್ತಾರೆ. ಮ್ಯೂಚುವಲ್ ಫಂಡ್‌ಗಳ ಮಾಸಿಕ ಮಾಹಿತಿ ಪತ್ರದಲ್ಲಿ ಈ ಅಂಕಿ ಇರುತ್ತದೆ, ಆದರೆ ಬಹುತೇಕರು ಅದನ್ನು ದಾಟಿ ಗಳಿಕೆಯ ಸಾಲಿಗೆ ಹೋಗುತ್ತಾರೆ. ಹಣ ಹಾಕುವ ಮೊದಲು ಓದಬೇಕಾದದ್ದು ಈ ಅಂಕಿಯನ್ನೇ ಎಂಬುದು ನನ್ನ ಖಚಿತ ಅಭಿಪ್ರಾಯ. ಓದುವುದಕ್ಕಿಂತ ಒಮ್ಮೆ ಕೈಯಾರೆ ಲೆಕ್ಕ ಹಾಕಿ ನೋಡುವುದು ಇನ್ನೂ ಒಳ್ಳೆಯದು, ಏಕೆಂದರೆ ಆಮೇಲೆ ಆ ಅಂಕಿಯ ಬಲವೂ ಮಿತಿಯೂ ಮರೆಯುವುದಿಲ್ಲ.

ಮೊದಲು ಕೈಯಾರೆ

ಮೇಲಿನ ಐದು ವರ್ಷಗಳನ್ನೇ ತೆಗೆದುಕೊಳ್ಳಿ. ಸರಾಸರಿ 9. ಪ್ರತಿ ವರ್ಷದ ಗಳಿಕೆ ಈ 9ರಿಂದ ಎಷ್ಟು ದೂರ ಬಿದ್ದಿದೆ ಎಂದು ಬರೆಯಿರಿ. 2008 ಸರಾಸರಿಗಿಂತ 60.8 ಕೆಳಗೆ, 2009 66.8 ಮೇಲೆ, 2010 8.9 ಮೇಲೆ, 2011 33.6 ಕೆಳಗೆ, 2012 18.7 ಮೇಲೆ.

ಈ ಅಂತರಗಳನ್ನು ಹಾಗೆಯೇ ಕೂಡಿದರೆ ಮೇಲಿನವೂ ಕೆಳಗಿನವೂ ಒಂದನ್ನೊಂದು ಹೊಡೆದುಹಾಕಿ ಸೊನ್ನೆ ಬರುತ್ತದೆ. ಆದ್ದರಿಂದ ಒಂದೊಂದನ್ನೂ ವರ್ಗ ಮಾಡಬೇಕು. 60.8ರ ವರ್ಗ ಸುಮಾರು 3,697, 66.8ರದು 4,462, 8.9ರದು 79, 33.6ರದು 1,129, 18.7ರದು 350. ಒಟ್ಟು 9,717. ಇದನ್ನು 5ರಿಂದ ಅಲ್ಲ, 4ರಿಂದ ಭಾಗಿಸಿ. ನಮ್ಮ ಬಳಿ ಇರುವುದು ಮಾರುಕಟ್ಟೆಯ ಪೂರ್ತಿ ಚರಿತ್ರೆಯಲ್ಲ, ಅದರ ಒಂದು ತುಣುಕು. ಸರಾಸರಿಯನ್ನೂ ಅದೇ ತುಣುಕಿನಿಂದ ತೆಗೆದಿರುವುದರಿಂದ ಅಂತರಗಳು ನಿಜಕ್ಕಿಂತ ತುಸು ಚಿಕ್ಕದಾಗಿ ಕಾಣುತ್ತವೆ. ಒಂದು ಕಡಿಮೆ ಮಾಡಿ ಭಾಗಿಸುವುದು ಅದಕ್ಕೆ ಪರಿಹಾರ. ಉತ್ತರ 2,429. ಅದರ ವರ್ಗಮೂಲ 49.3.

ಸರಾಸರಿ 9, ಮಾನಕ ವಿಚಲನೆ 49.3. ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದವರು ಯಾರೂ 'ವರ್ಷಕ್ಕೆ ಶೇ 9 ಬರುತ್ತದೆ' ಎಂದು ಹೇಳುವುದಿಲ್ಲ. ಒಂದು ವರ್ಷ ಸರಾಸರಿಯಿಂದ ಐವತ್ತು ಅಂಶ ಅತ್ತಿತ್ತ ಹೋಗುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು ಎಂಬುದು ಈ ಜೋಡಿ ಅಂಕಿಗಳ ಅರ್ಥ.

ನಂತರ ಸ್ಪ್ರೆಡ್‌ಶೀಟ್‌ನಲ್ಲಿ

ಐದು ವರ್ಷಗಳ ದತ್ತಾಂಶ ಅಭ್ಯಾಸಕ್ಕೆ ಸಾಕು, ನಿರ್ಧಾರಕ್ಕೆ ಸಾಲದು. ನಿಫ್ಟಿಯ ಹಳೆಯ ಅಂಕಿಗಳು niftyindices.com ತಾಣದಲ್ಲಿ ಸಿಗುತ್ತವೆ. ಪ್ರತಿ ತಿಂಗಳ ಕೊನೆಯ ವಹಿವಾಟಿನ ದಿನದ ಮಟ್ಟವನ್ನು ಬಿ ಕಂಬದಲ್ಲಿ B2ರಿಂದ ಶುರುಮಾಡಿ ಹಳೆಯದರಿಂದ ಹೊಸದಕ್ಕೆ ಇಳಿಸಿ. C3ರ ಸೂತ್ರವನ್ನು C122ರವರೆಗೆ ಎಳೆದು ಸಿ ಕಂಬದಲ್ಲಿ ಆ ತಿಂಗಳ ಗಳಿಕೆಯನ್ನು ಶೇಕಡಾವಾರಿನಲ್ಲಿ ತೆಗೆಯಿರಿ. ಹತ್ತು ವರ್ಷಕ್ಕೆ 121 ಮಟ್ಟಗಳಿಂದ 120 ಗಳಿಕೆಗಳು ಬರುತ್ತವೆ.

```
C3:  =(B3/B2-1)*100
E1:  =AVERAGE(C3:C122)*12
E2:  =STDEV.S(C3:C122)*SQRT(12)
```

ಸರಾಸರಿಯನ್ನು 12ರಿಂದ ಗುಣಿಸುತ್ತೇವೆ, ವಿಚಲನೆಯನ್ನು ಮಾತ್ರ 12ರ ವರ್ಗಮೂಲದಿಂದ, ಅಂದರೆ ಸುಮಾರು 3.46ರಿಂದ. ಹನ್ನೆರಡು ತಿಂಗಳುಗಳೂ ಒಂದೇ ದಿಕ್ಕಿಗೆ ಓಡುವುದಿಲ್ಲ; ಕೆಲವು ಮೇಲೆ, ಕೆಲವು ಕೆಳಗೆ ಹೋಗಿ ಒಂದಷ್ಟು ಪರಸ್ಪರ ಸರಿದೂಗುತ್ತವೆ. ಹಾಗಾಗಿ ತಿಂಗಳ ಏರಿಳಿತ ಶೇ 5 ಇದ್ದರೆ ವರ್ಷದ್ದು 60 ಆಗುವುದಿಲ್ಲ, 17.3ರಷ್ಟಾಗುತ್ತದೆ. ಇಲ್ಲಿ ಎಡವುವವರು ಬಹಳ. ಉತ್ತರ 50ಕ್ಕಿಂತ ಮೇಲೆ ಬಂದರೆ 12ರಿಂದಲೇ ಗುಣಿಸಿದ್ದೀರಾ ಎಂದು ನೋಡಿ. ಸೂಚ್ಯಂಕಕ್ಕೆ 4 ಅಥವಾ 5 ಬಂದರೆ ವರ್ಗಮೂಲದಿಂದ ಗುಣಿಸುವುದನ್ನೇ ಮರೆತಿರುತ್ತೀರಿ. ಇನ್ನೊಂದು ತಪ್ಪೂ ಸಾಮಾನ್ಯ: ಗಳಿಕೆಗಳಿಗೆ ಬದಲು ಸೂಚ್ಯಂಕದ ಮಟ್ಟಗಳ ಮೇಲೆಯೇ ಸೂತ್ರ ಹಾಕುವುದು. ಆಗ ಸಾವಿರಗಳಲ್ಲಿ ಉತ್ತರ ಬರುತ್ತದೆ, ಅದಕ್ಕೆ ಯಾವ ಅರ್ಥವೂ ಇಲ್ಲ.

ವರ್ಷದ ಅಂಕಿಗಳೇ ಇರುವಾಗ ತಿಂಗಳ ಅಂಕಿಗಳ ಗೋಜು ಏಕೆ? 2020ನ್ನು ನೋಡಿ. ಕ್ಯಾಲೆಂಡರ್ ವರ್ಷದ ಲೆಕ್ಕದಲ್ಲಿ ನಿಫ್ಟಿ ಶೇ 14.9 ಏರಿತು, ಸಮಾಧಾನದ ವರ್ಷ. ಆದರೆ ಜನವರಿ ಮಧ್ಯದಲ್ಲಿ 12,362ರಲ್ಲಿ ಮುಗಿದಿದ್ದ ಸೂಚ್ಯಂಕ ಮಾರ್ಚ್ 23ರಂದು 7,610ಕ್ಕೆ ಬಂದಿತ್ತು, ಶೇ 38ಕ್ಕೂ ಹೆಚ್ಚು ಇಳಿಕೆ. ಆ ಒಂದೇ ದಿನ ಶೇ 13ರಷ್ಟು ಕುಸಿದಿತ್ತು. ಮಾರ್ಚ್ ತಿಂಗಳ ಗಳಿಕೆ ಶೇ 23 ನಷ್ಟ, ಏಪ್ರಿಲ್‌ನದು ಶೇ 14.7 ಲಾಭ. ವರ್ಷಕ್ಕೊಂದು ಅಂಕಿ ಬರೆದುಕೊಂಡವರಿಗೆ ಇದ್ಯಾವುದೂ ಕಾಣುವುದಿಲ್ಲ. ಮಾರ್ಚ್‌ನಲ್ಲಿ ಮಗಳ ಕಾಲೇಜು ಶುಲ್ಕಕ್ಕೋ ಆಸ್ಪತ್ರೆಗೋ ಹಣ ತೆಗೆಯಬೇಕಾಗಿ ಬಂದವರಿಗೆ ಮಾತ್ರ ಅದು ನಿಜವಾದ ನಷ್ಟವಾಗಿಯೇ ಉಳಿಯಿತು.

ಆ ಅಂಕಿ ಹೇಳುವುದೆಷ್ಟು

2005ರಿಂದ 2024ರವರೆಗಿನ ಇಪ್ಪತ್ತು ವರ್ಷಗಳ ವಾರ್ಷಿಕ ಅಂಕಿಗಳನ್ನು ತೆಗೆದುಕೊಂಡರೆ ನಿಫ್ಟಿಯ ಸರಾಸರಿ ಶೇ 16.4, ಮಾನಕ ವಿಚಲನೆ 27.1. ಪುಸ್ತಕದ ನಿಯಮದ ಪ್ರಕಾರ ಮೂರರಲ್ಲಿ ಎರಡು ವರ್ಷಗಳು ಸರಾಸರಿಯಿಂದ ಒಂದು ವಿಚಲನೆಯ ಒಳಗೆ ಬೀಳಬೇಕು, ನೂರರಲ್ಲಿ 95 ವರ್ಷಗಳು ಎರಡು ವಿಚಲನೆಗಳ ಒಳಗೆ. ನಮ್ಮ ಲೆಕ್ಕದಲ್ಲಿ ಒಂದು ವಿಚಲನೆಯ ಪಟ್ಟಿ ಶೇ 10.7 ನಷ್ಟದಿಂದ ಶೇ 43.5 ಲಾಭದವರೆಗೆ.

ನಿಜದಲ್ಲಿ ಆದದ್ದೇ ಬೇರೆ. ಇಪ್ಪತ್ತರಲ್ಲಿ ಹದಿನಾರು ವರ್ಷಗಳು ಪಟ್ಟಿಯ ಒಳಗೇ ಇದ್ದವು, ನಿಯಮ ಹೇಳುವ ಹದಿಮೂರು-ಹದಿನಾಲ್ಕಕ್ಕಿಂತ ಹೆಚ್ಚು. ಹೊರಗೆ ಬಿದ್ದ ನಾಲ್ಕರಲ್ಲಿ ಎರಡು, 2008 ಮತ್ತು 2009, ಎರಡು ವಿಚಲನೆಗಳನ್ನೂ ದಾಟಿ ಹೋಗಿದ್ದವು. ನಿಯಮದ ಪ್ರಕಾರ ಇಪ್ಪತ್ತು ವರ್ಷಕ್ಕೆ ಅಂಥದ್ದು ಒಂದು ಇರಬೇಕಿತ್ತು. ಷೇರು ಮಾರುಕಟ್ಟೆಯ ಸ್ವಭಾವವೇ ಇದು: ಬಹುಕಾಲ ಅಂಕಿ ಸೂಚಿಸುವುದಕ್ಕಿಂತ ಶಾಂತವಾಗಿರುತ್ತದೆ, ಕೆಟ್ಟಾಗ ಅಂಕಿ ಸೂಚಿಸುವುದಕ್ಕಿಂತ ಜೋರಾಗಿ ಕೆಡುತ್ತದೆ. ಮಾನಕ ವಿಚಲನೆಯನ್ನು ನಷ್ಟದ ಕೊನೆಯ ಗಡಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಆಯ್ದುಕೊಂಡ ಅವಧಿಯ ಪ್ರಭಾವವಂತೂ ಇನ್ನೂ ದೊಡ್ಡದು. ಅದೇ ಸೂಚ್ಯಂಕ, 2015ರಿಂದ 2024ರ ಹತ್ತು ವರ್ಷ ಮಾತ್ರ ತೆಗೆದುಕೊಂಡರೆ ಸರಾಸರಿ 11.5, ವಿಚಲನೆ ಕೇವಲ 10.4. 2008-12ರ 49.3 ಎಲ್ಲಿ, ಈ 10.4 ಎಲ್ಲಿ! ಈ ಹತ್ತು ವರ್ಷಗಳಲ್ಲಿ ನಷ್ಟ ಕಂಡದ್ದು 2015 ಒಂದೇ, ಅದೂ ಶೇ 4.1. ಈಚೆಗೆ ಹೂಡಿಕೆ ಶುರು ಮಾಡಿದವರು ಕಣ್ಣಾರೆ ಕಂಡಿರುವುದು ಈ ಶಾಂತ ಕಾಲವನ್ನೇ. ಅದನ್ನೇ ಮಾರುಕಟ್ಟೆಯ ಸಹಜ ಗುಣವೆಂದು ನಂಬಿ ಎಲ್ಲ ಉಳಿತಾಯವನ್ನೂ ಅಲ್ಲಿಗೆ ಸುರಿಯುವುದು ನನಗೆ ಆತಂಕ ತರುವ ವಿಷಯ.

ಹೆಚ್ಚು ಗಳಿಕೆ ಎಲ್ಲಿಂದ ಬರುತ್ತದೆ

ಒಂದು ವರ್ಷದ ನಂತರ ಖಚಿತವಾಗಿ 107 ರೂಪಾಯಿ ಕೊಡುವ ಪತ್ರವೊಂದು ಇಂದು 100ಕ್ಕೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಪಕ್ಕದಲ್ಲಿ ಒಂದು ಷೇರು ಇದೆ. ವರ್ಷದ ನಂತರ ಅದು 150 ಆಗಬಹುದು, 70 ಆಗಬಹುದು, ಎರಡಕ್ಕೂ ಸಮಾನ ಸಾಧ್ಯತೆ. ಸರಾಸರಿ 110. ಈ ಷೇರಿಗೆ 103 ರೂಪಾಯಿ ಕೊಟ್ಟರೆ ನಿರೀಕ್ಷಿತ ಗಳಿಕೆ ಶೇ 7ರ ಆಸುಪಾಸು, ಅಂದರೆ ಖಚಿತ ಪತ್ರದಷ್ಟೇ. ಅಷ್ಟೇ ಬರುವುದಾದರೆ 70ರ ಭಯವನ್ನು ತಲೆಯ ಮೇಲೆ ಹೊತ್ತುಕೊಳ್ಳುವವರು ಯಾರು? ಕೊಳ್ಳುವವರು ಹಿಂದೆ ಸರಿಯುತ್ತಾರೆ, ಬೆಲೆ ಇಳಿಯುತ್ತದೆ. 98ಕ್ಕೆ ಬಂದಾಗ ನಿರೀಕ್ಷಿತ ಗಳಿಕೆ ಶೇ 12 ದಾಟುತ್ತದೆ, ಆಗ ಕೆಲವರು ಮುಂದೆ ಬರುತ್ತಾರೆ. ಆ ಹೆಚ್ಚುವರಿ ಐದು ಅಂಶ ಷೇರಿನ ಒಳ್ಳೆಯತನದಿಂದ ಬಂದದ್ದಲ್ಲ, ಜನ ಅದನ್ನು ಹೊರಲು ಹಿಂಜರಿದದ್ದರಿಂದ ಬಂದದ್ದು. ಏರಿಳಿತವೇ ಇಲ್ಲದಿದ್ದರೆ ಬೆಲೆ 103ಕ್ಕೆ ಏರಿ ಆ ಲಾಭವೂ ಮಾಯವಾಗುತ್ತಿತ್ತು.

ಈ ಕಾರಣಕ್ಕೇ 'ಏರಿಳಿತವಿಲ್ಲದೆ ವರ್ಷಕ್ಕೆ ಶೇ 18' ಎಂದು ಯಾರಾದರೂ ಬಂದರೆ ಬಾಗಿಲಲ್ಲೇ ನಿಲ್ಲಿಸಬೇಕು. ಒಂದೋ ಏರಿಳಿತವನ್ನು ಮುಚ್ಚಿಟ್ಟಿದ್ದಾರೆ, ಇಲ್ಲವೇ ಗಳಿಕೆಯೇ ಸುಳ್ಳು. ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ 2025ರವರೆಗೂ ಶೇ 7.1ರಲ್ಲೇ ನಿಂತಿತ್ತು. ಅದರ ವಿಚಲನೆ ಸೊನ್ನೆ, ಗಳಿಕೆಯೂ ಅದಕ್ಕೆ ತಕ್ಕಷ್ಟು.

ಇದನ್ನು ತಿರುಗಿಸಿ ಓದಬಾರದು ಎಂಬುದು ಅಷ್ಟೇ ಮುಖ್ಯ. ಹೆಚ್ಚು ಏರಿಳಿತ ಇರುವುದೆಲ್ಲ ಹೆಚ್ಚು ಗಳಿಕೆ ಕೊಡುವುದಿಲ್ಲ. 2009ರ ಜನವರಿ 7ರಂದು ಸತ್ಯಂ ಕಂಪ್ಯೂಟರ್ಸ್ ಅಧ್ಯಕ್ಷರು ಲೆಕ್ಕಪತ್ರಗಳ ವಂಚನೆಯನ್ನು ಒಪ್ಪಿಕೊಂಡಾಗ ಆ ಷೇರಿನ ಬೆಲೆಯ ಮುಕ್ಕಾಲು ಭಾಗಕ್ಕೂ ಹೆಚ್ಚು ಒಂದೇ ದಿನದಲ್ಲಿ ಹೋಯಿತು. ಒಂದೇ ಕಂಪನಿಯನ್ನು ನಂಬಿ ಕುಳಿತವರು ಹೊತ್ತ ಆ ಅಪಾಯಕ್ಕೆ ಮಾರುಕಟ್ಟೆ ಯಾವ ಹೆಚ್ಚುವರಿ ಬೆಲೆಯನ್ನೂ ಕೊಟ್ಟಿರಲಿಲ್ಲ. ಐವತ್ತು ಕಂಪನಿಗಳಲ್ಲಿ ಹಂಚಿದರೆ ತಪ್ಪಿಸಿಕೊಳ್ಳಬಹುದಾದ ಅಪಾಯವನ್ನು ಬೇಕೆಂದೇ ಹೊತ್ತವರಿಗೆ ಯಾರು ಸಂಬಳ ಕೊಡುತ್ತಾರೆ? ಪ್ರತಿಫಲ ಸಿಗುವುದು ಹಂಚಿದ ಮೇಲೂ ಉಳಿಯುವ ಏರಿಳಿತಕ್ಕೆ ಮಾತ್ರ.

ಅದೂ ನಿರೀಕ್ಷೆಯಷ್ಟೇ, ಭರವಸೆಯಲ್ಲ. ಜಪಾನಿನ ನಿಕ್ಕಿ 225 ಸೂಚ್ಯಂಕ 1989ರ ಡಿಸೆಂಬರ್ ಕೊನೆಯಲ್ಲಿ 38,915ರಲ್ಲಿ ಮುಗಿದಿತ್ತು. ಆ ಮಟ್ಟವನ್ನು ಮತ್ತೆ ದಾಟಿದ್ದು 2024ರ ಫೆಬ್ರುವರಿಯಲ್ಲಿ, 34 ವರ್ಷಗಳ ನಂತರ. ಅದು ಒಂದು ಕಂಪನಿಯ ಕಥೆಯಲ್ಲ, ಒಂದು ದೊಡ್ಡ ದೇಶದ ಇಡೀ ಮಾರುಕಟ್ಟೆಯದು.

ಏರಿಳಿತ ತಿನ್ನುವ ಪಾಲು

ಈಗ ಆರಂಭದ ಒಗಟಿಗೆ ಉತ್ತರ. 100 ರೂಪಾಯಿ ಶೇ 51.8 ಇಳಿದರೆ 48.20 ಉಳಿಯುತ್ತದೆ. ಅದು ಮತ್ತೆ 100 ಆಗಲು ಶೇ 107 ಏರಬೇಕು. 2009ರ ಶೇ 75.8 ಎಷ್ಟು ಭರ್ಜರಿಯಾಗಿದ್ದರೂ ಸಾಲಲಿಲ್ಲ, ಏಕೆಂದರೆ ಆ ಏರಿಕೆ ಕೆಲಸ ಮಾಡಿದ್ದು ಅರ್ಧವಾಗಿದ್ದ ಹಣದ ಮೇಲೆ. ಸರಾಸರಿ ಒಂದೇ ಇದ್ದರೂ ಏರಿಳಿತ ಹೆಚ್ಚಿದಷ್ಟೂ ಕೈಗೆ ಬರುವುದು ಕಡಿಮೆ.

ಎಷ್ಟು ಕಡಿಮೆ ಎನ್ನುವುದಕ್ಕೆ ಒಂದು ಸುಲಭ ಅಂದಾಜು ಇದೆ: ವಿಚಲನೆಯ ವರ್ಗದ ಅರ್ಧವನ್ನು ಸರಾಸರಿಯಿಂದ ಕಳೆಯಿರಿ. ಇಪ್ಪತ್ತು ವರ್ಷಗಳ ವಿಚಲನೆ 0.271, ಅದರ ವರ್ಗ 0.073, ಅರ್ಧ 0.037. ಸರಾಸರಿ ಶೇ 16.4ರಲ್ಲಿ 3.7 ಕಳೆದರೆ 12.7. ನಿಜವಾಗಿ ಆದದ್ದೇನು? 2004ರ ಕೊನೆಯ 2,080.50ರಿಂದ 2024ರ ಕೊನೆಯ 23,644.80ಕ್ಕೆ ಏರಿದ ಸೂಚ್ಯಂಕದ ಚಕ್ರಬಡ್ಡಿ ದರ ಶೇ 12.9. ಅಂದಾಜು ಸಾಕಷ್ಟು ಹತ್ತಿರವೇ ಇದೆ. ಜಾಹೀರಾತಿನಲ್ಲಿ ಸರಾಸರಿ ಗಳಿಕೆ ಎಂದು ಕಂಡರೆ ಮೊದಲು ಕೇಳಬೇಕಾದ ಪ್ರಶ್ನೆ, ಇದು ಬರೀ ಕೂಡಿ ಭಾಗಿಸಿದ್ದೋ ಚಕ್ರಬಡ್ಡಿಯ ದರವೋ ಎಂಬುದು.

ಶೇಕಡಾವಾರನ್ನು ರೂಪಾಯಿಗೆ ಇಳಿಸುವುದು

ಶೇ 50 ಎಂದು ಓದುವಾಗ ಧೈರ್ಯ ಇರುತ್ತದೆ, ಐದು ಲಕ್ಷ ಎಂದು ಬರೆದುಕೊಂಡಾಗ ಯೋಚನೆ ಶುರುವಾಗುತ್ತದೆ. ಹಾಗಾಗಿ ನಿರ್ಧಾರವನ್ನು ರೂಪಾಯಿಯಲ್ಲೇ ಮಾಡಿ. ನಿಮ್ಮ ಬಳಿ 10 ಲಕ್ಷ ಇದೆ ಎಂದುಕೊಳ್ಳೋಣ. ಎಲ್ಲವನ್ನೂ ಸೂಚ್ಯಂಕ ಫಂಡ್‌ಗೆ ಹಾಕಿ 2008ರಂಥ ವರ್ಷ ಬಂದರೆ 4.82 ಲಕ್ಷ ಉಳಿಯುತ್ತದೆ. 4 ಲಕ್ಷ ಅಲ್ಲಿ, 6 ಲಕ್ಷ ಶೇ 7ರ ಠೇವಣಿಯಲ್ಲಿ ಇಟ್ಟಿದ್ದರೆ ಷೇರಿನ ಭಾಗ 1.93 ಲಕ್ಷಕ್ಕೆ ಇಳಿಯುತ್ತದೆ, ಠೇವಣಿ 6.42 ಲಕ್ಷಕ್ಕೆ ಏರುತ್ತದೆ, ಒಟ್ಟು 8.35 ಲಕ್ಷ. ಠೇವಣಿಯ ವಿಚಲನೆ ಸೊನ್ನೆ ಇರುವುದರಿಂದ ಇಡೀ ಗಂಟಿನ ವಿಚಲನೆ 27.1ರ ಶೇ 40, ಅಂದರೆ 10.8ಕ್ಕೆ ತಗ್ಗುತ್ತದೆ. ನಿರೀಕ್ಷಿತ ಗಳಿಕೆಯೂ ತಗ್ಗುತ್ತದೆ, ಅದು ಕೊಡಲೇಬೇಕಾದ ಬೆಲೆ.

ಪಾಲು ಎಷ್ಟಿರಬೇಕು ಎಂದು ಕಂಡುಕೊಳ್ಳಲು ಹಿಂದಿನಿಂದ ಲೆಕ್ಕ ಹಾಕುವುದು ನನಗೆ ಹಿಡಿಸಿದ ಕ್ರಮ. ಒಂದು ವರ್ಷದಲ್ಲಿ ಎಷ್ಟು ರೂಪಾಯಿ ಕಾಗದದ ಮೇಲೆ ಕರಗಿದರೂ ಮಾರದೆ ಕೂರಬಲ್ಲಿರಿ? ಉತ್ತರ 1.5 ಲಕ್ಷ ಎಂದಾದರೆ, ಕೆಟ್ಟ ವರ್ಷದಲ್ಲಿ ಷೇರಿನ ಹಣ ಅರ್ಧವಾಗುತ್ತದೆ ಎಂದು ಹಿಡಿದು ಅದನ್ನು ಎರಡರಿಂದ ಗುಣಿಸಿ. 3 ಲಕ್ಷಕ್ಕಿಂತ ಹೆಚ್ಚು ಷೇರಿನಲ್ಲಿ ಬೇಡ. ಎರಡು ವಿಚಲನೆಯ ಲೆಕ್ಕದಲ್ಲಿ ಕೆಟ್ಟ ವರ್ಷ ಎಂದರೆ ಶೇ 38ರ ನಷ್ಟ. ಆದರೆ 2008 ಅದನ್ನೂ ಮೀರಿದ್ದನ್ನು ನೋಡಿದ ಮೇಲೆ ಅರ್ಧ ಎಂದೇ ಹಿಡಿಯುವುದು ಸರಿ. ಇನ್ನು ಮೂರು ವರ್ಷದೊಳಗೆ ಬೇಕಾಗುವ ಹಣಕ್ಕೆ ಈ ಲೆಕ್ಕವೇ ಬೇಡ, ಅದು ಠೇವಣಿಯಲ್ಲಿರಲಿ. ಮುಂದಿನ ಗಳಿಕೆಯ ಅಂದಾಜಿಗೂ ಹಳೆಯ 16.4ನ್ನು ಹಾಕಬೇಡಿ, ಅದರಲ್ಲಿ 2005-07ರ ಅಸಾಧಾರಣ ಏರಿಕೆ ಸೇರಿದೆ. ನಾನಾದರೆ 11ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ.

ಮಾಹಿತಿ ಪತ್ರ ಓದುವಾಗ

ಫಂಡ್‌ಗಳ ಮಾಹಿತಿ ಪತ್ರದಲ್ಲಿ ಸ್ಟ್ಯಾಂಡರ್ಡ್ ಡೀವಿಯೇಷನ್ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಗಳದ್ದು, ವಾರ್ಷಿಕಕ್ಕೆ ಪರಿವರ್ತಿಸಿದ್ದು. ಅಡಿಟಿಪ್ಪಣಿಯಲ್ಲಿ ಅವಧಿಯನ್ನು ಬರೆದಿರುತ್ತಾರೆ, ಅದನ್ನು ನೋಡದೆ ಎರಡು ಫಂಡ್‌ಗಳನ್ನು ಹೋಲಿಸಬೇಡಿ. ಒಂದೇ ವರ್ಗದ ಫಂಡ್‌ಗಳು, ಒಂದೇ ತಿಂಗಳ ಪತ್ರ ಇರಬೇಕು. ಮೊದಲನೆಯದರ ಗಳಿಕೆ ಶೇ 14, ವಿಚಲನೆ 15; ಎರಡನೆಯದರ ಗಳಿಕೆ ಶೇ 16, ವಿಚಲನೆ 22 ಎಂದಿದ್ದರೆ ಎರಡರಿಂದಲೂ ಅಪಾಯವಿಲ್ಲದ ಹೂಡಿಕೆ ಕೊಡುವ ಗಳಿಕೆಯನ್ನು, ಶೇ 6.5 ಎಂದಿಟ್ಟುಕೊಳ್ಳಿ, ಕಳೆದು ವಿಚಲನೆಯಿಂದ ಭಾಗಿಸಿ. ಮೊದಲನೆಯದಕ್ಕೆ 0.50, ಎರಡನೆಯದಕ್ಕೆ 0.43 ಬರುತ್ತದೆ. ಪತ್ರದಲ್ಲಿ ಶಾರ್ಪ್ ಅನುಪಾತ ಎಂದು ಕೊಟ್ಟಿರುವುದು ಇದನ್ನೇ. ಎರಡನೆಯ ಫಂಡ್ ಎರಡು ಅಂಶ ಹೆಚ್ಚು ತಂದಿದೆ ನಿಜ, ಆದರೆ ಹೊರಿಸಿದ ಏರಿಳಿತಕ್ಕೆ ಹೋಲಿಸಿದರೆ ಕಡಿಮೆಯೇ ಕೊಟ್ಟಿದೆ.

ಮೂರು ವರ್ಷದ ಅವಧಿಯಲ್ಲಿ ಒಂದು ಬಲೆ ಇದೆ. 2023ರ ಫೆಬ್ರುವರಿ ಕೊನೆಯ ಲೆಕ್ಕದಲ್ಲಿ 2020ರ ಮಾರ್ಚ್ ಇನ್ನೂ ಸೇರಿತ್ತು. ಒಂದೇ ತಿಂಗಳ ನಂತರ, 2023ರ ಮಾರ್ಚ್ ಕೊನೆಯ ಲೆಕ್ಕದಲ್ಲಿ, ಆ ಶೇ 23ರ ಕುಸಿತ ಅವಧಿಯಿಂದ ಹೊರಬಿದ್ದಿತು. ಮಾಸಿಕ ಲೆಕ್ಕದ ಷೇರು ಫಂಡ್‌ಗಳ ವಿಚಲನೆ ಥಟ್ಟನೆ ಇಳಿಯಲು ಅಷ್ಟು ಸಾಕು. ಫಂಡ್ ವ್ಯವಸ್ಥಾಪಕರು ಒಂದು ಷೇರನ್ನೂ ಬದಲಿಸಿರಬೇಕಾಗಿಲ್ಲ. ಆದ್ದರಿಂದ ಪತ್ರದ ಅವಧಿಯಲ್ಲಿ ಒಂದಾದರೂ ಕೆಟ್ಟ ತಿಂಗಳು ಇದೆಯೇ ಎಂದು ನೋಡಿ. ಇಲ್ಲದಿದ್ದರೆ ಆ ಫಂಡ್‌ನ ಹತ್ತು ವರ್ಷಗಳ ತಿಂಗಳ ಕೊನೆಯ ಎನ್‌ಎವಿಗಳನ್ನು, ಅಂದರೆ ಒಂದು ಯುನಿಟ್‌ನ ಬೆಲೆಗಳನ್ನು, ಮ್ಯೂಚುವಲ್ ಫಂಡ್ ಕಂಪನಿಗಳ ಸಂಘವಾದ ಆಂಫಿಯ ತಾಣದಿಂದ ತೆಗೆದು, ಬಿ ಕಂಬದಲ್ಲಿ ಇಳಿಸಿ, ಮೇಲೆ ಕೊಟ್ಟ ಮೂರು ಸಾಲಿನ ಸೂತ್ರವನ್ನು ಹಾಕಿ. ಬಂದ ಉತ್ತರ ಪತ್ರದ ಅಂಕಿಗಿಂತ ದೊಡ್ಡದಾಗಿದ್ದರೆ ಪಾಲಿನ ಲೆಕ್ಕಕ್ಕೆ ದೊಡ್ಡದನ್ನೇ ತೆಗೆದುಕೊಳ್ಳಿ.